ಗುರುವಾರಕ್ಕೆ ಹೇಳದ ರಜೆ

ಚಿಕ್ಕ ಮೇಡಂ ತನ್ನ ರಜೆಯ ಸುದ್ದಿಯನ್ನು ಡಂಗುರ ಸಾರುವುದೊಂದು ಬಾಕಿ. ತಂಗಿಗೆ ಹೆರಿಗೆ, ಮುಂದಿನ ವಾರ ಕಳೆದ ಮೇಲೆ ಮೂರು ವಾರ ಊರಲ್ಲಿರುವುದಿಲ್ಲ ಅಂತ ಹಾಲಿನವನಿಗೆ ಹೇಳಿದ್ದಳು, ಪಕ್ಕದ ಮನೆಯವರಿಗೆ ಹೇಳಿದ್ದಳು, ಗಿಡಕ್ಕೆ ನೀರು ಹಾಕಲು ಗಂಡನಿಗೆ ಹೇಳಿ ಅವನು ಮರೆಯುತ್ತಾನೆಂದು ಮತ್ತೆ ಹೇಳಿದ್ದಳು. ತನ್ನ ಹತ್ತಿರ ಚಿಕಿತ್ಸೆಗೆ ಬರುವ ಎಲ್ಲರಿಗೂ ಹಿಂದಿನ ವಾರವೇ ತಿಳಿಸಿಯಾಗಿತ್ತು. ಒಬ್ಬಳಿಗೆ ಮಾತ್ರ ತಿಳಿಸಿರಲಿಲ್ಲ. ತಿಳಿಸಿಲ್ಲ ಅನ್ನುವುದು ಅವಳಿಗೂ ಸರಿಯಾಗಿ ತಿಳಿದಿರಲಿಲ್ಲ. ಮನಸ್ಸು ಅನ್ನುವುದು ಅಷ್ಟು ಕಳ್ಳ.

ಕಿವಿಯ ಪಕ್ಕ ಕೂದಲು ನೆರೆತಿದ್ದರೂ ಅವಳು ಇನ್ನೂ ಚಿಕ್ಕ ಮೇಡಂ. ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿ ಇಟ್ಟ ಹೆಸರು ಅದು. ದೊಡ್ಡ ಮೇಡಂ ಇರುವವರೆಗೆ ಇವಳು ಚಿಕ್ಕವಳೇ. ಮನಸ್ಸಿನ ಚಿಕಿತ್ಸೆ ಮಾಡುವವರು ಆಗಾಗ ತಮಗಿಂತ ಪಳಗಿದವರ ಮುಂದೆ ಕೂತು ತಮ್ಮ ಕೆಲಸವನ್ನು ಬಿಚ್ಚಿಡಬೇಕು, ಅದಕ್ಕೆ ಸೂಪರ್‌ವಿಷನ್ ಅನ್ನುತ್ತಾರೆ. ಚಿಕ್ಕ ಮೇಡಂ ಎರಡು ವಾರಕ್ಕೊಮ್ಮೆ ಬುಧವಾರ ಮೇಲಿನ ಮಹಡಿಯ ದೊಡ್ಡ ಮೇಡಂ ಕೋಣೆಗೆ ಹೋಗಿ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದಳು. ಆ ಕುರ್ಚಿ ಕೂತವರು ಸುಳ್ಳು ಹೇಳಿದರೆ ಕಿರ್ ಅನ್ನುತ್ತದೆ ಅಂತ ಕ್ಲಿನಿಕ್ಕಿನಲ್ಲಿ ಒಂದು ತಮಾಷೆ ಇತ್ತು.

ಆ ಬುಧವಾರ ರಜೆಯ ಏರ್ಪಾಡನ್ನೆಲ್ಲ ಒಪ್ಪಿಸಿದಳು. ತಾನಿಲ್ಲದಾಗ ತುರ್ತು ಬಂದರೆ ಪಕ್ಕದ ಕೋಣೆಯ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ, ವಾಪಸ್ ಬಂದ ಮೇಲೆ ಎಲ್ಲರಿಗೂ ಅವರವರ ಹಳೇ ಸಮಯವೇ.

"ಗುರುವಾರ ಏನಂದ್ಲು?" ಎಂದರು ದೊಡ್ಡ ಮೇಡಂ.

ಸೂಪರ್‌ವಿಷನ್ನಿನಲ್ಲಿ ಯಾರ ಹೆಸರನ್ನೂ ಎತ್ತುವುದಿಲ್ಲ. ಗುರುವಾರ ಬರುವವಳಾದ್ದರಿಂದ ಅವಳ ಹೆಸರು ಗುರುವಾರ. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಹುಡುಗಿ. ಬಾರ್ಡರ್‌ಲೈನ್ ವ್ಯಕ್ತಿತ್ವದ ಲಕ್ಷಣಗಳು ಅವಳಲ್ಲಿ ಎದ್ದು ಕಾಣುತ್ತಿದ್ದವು. ಎಲ್ಲರೂ ಬಿಟ್ಟುಹೋಗುತ್ತಾರೆ ಅನ್ನುವ ಭಯ ಅವಳನ್ನು ಬಿಟ್ಟು ಕದಲುತ್ತಿರಲಿಲ್ಲ. ಇವತ್ತು ತಲೆಮೇಲೆ ಹೊತ್ತವರನ್ನೇ ನಾಳೆ ನೆಲಕ್ಕೆ ಕುಕ್ಕುತ್ತಿದ್ದಳು, ಸಂಕಟ ತಡೆಯದಾದಾಗ ಕೈ ಕುಯ್ದುಕೊಳ್ಳುತ್ತಿದ್ದಳು. ಇಷ್ಟು ಕೇಳಿ ಯಾರಾದರೂ ಅವಳನ್ನು ಗೋಳಿನ ಗೊಂಬೆ ಅಂದುಕೊಂಡರೆ ತಪ್ಪು. ಮಾತಿನಲ್ಲಿ ಅವಳು ಚೂಪು, ನಗಿಸಿದರೆ ಹೊಟ್ಟೆ ಹುಣ್ಣಾಗಬೇಕು. ಚಿಕ್ಕ ಮೇಡಂಗೆ ಅವಳನ್ನು ಕಂಡರೆ ಪ್ರಾಣ.

"ಅಯ್ಯೋ, ಹೋದ ವಾರ ಏನಾಯ್ತು ಗೊತ್ತಾ," ಎಂದು ಚಿಕ್ಕ ಮೇಡಂ ಶುರು ಮಾಡಿದಳು. "ಒಬ್ಬರು ಹೆಂಡತಿಗೆ ಸಾರಿ ಅಂತ ಕೇಕ್ ಮೇಲೆ ಬರಿ ಅಂದ್ರಂತೆ. ಇವಳು, ಸಣ್ಣ ಕೇಕಲ್ಲಿ ಮುಗಿಯೋ ತಪ್ಪಾ ಅಥವಾ ದೊಡ್ಡದು ಕೊಡ್ಲಾ ಅಂತ ಕೇಳಿದ್ಲಂತೆ."

ದೊಡ್ಡ ಮೇಡಂ ಮನಸಾರೆ ನಕ್ಕರು. ಕಣ್ಣೊರೆಸಿಕೊಂಡು, "ರಜೆಗೆ ಏನಂದ್ಲು?" ಎಂದು ಮತ್ತೆ ಕೇಳಿದರು.

ಬೆತ್ತದ ಕುರ್ಚಿ ಕಿರ್ ಅಂದಿತು.

"ಹೇಳಿಲ್ಲ," ಎಂದಳು ಚಿಕ್ಕ ಮೇಡಂ. ಬಾಯಿಂದ ಬಂದ ಮೇಲೆ ಅದು ಎಷ್ಟು ದೊಡ್ಡದೆಂದು ಅವಳಿಗೇ ಕಂಡಿತು. ಕೂಡಲೇ ನೆಪಗಳು ಒಂದರ ಹಿಂದೆ ಒಂದು ಬಂದವು. ಆ ಹುಡುಗಿಗೆ ಬೇಕರಿ ಮಾಲೀಕರ ಜೊತೆ ಜಗಳವಾಗಿತ್ತು. ಹಿಂದಿನ ತಿಂಗಳಷ್ಟೇ ಕೈ ಕುಯ್ದುಕೊಂಡಿದ್ದಳು. ಹೋದ ವಾರವಂತೂ ಹೊರಡುವಾಗ, ನೀವೊಬ್ಬರೇ ಮೇಡಂ ನನ್ನ ಬಿಟ್ಟು ಹೋಗದೆ ಇರೋರು, ಅಂದಿದ್ದಳು. "ಅದಾದ ಮೇಲೆ ಹೇಗೆ ಹೇಳ್ಲಿ? ಕೊನೇ ಗುರುವಾರ ಮೆಲ್ಲಗೆ ಹೇಳಿದ್ರಾಯ್ತು ಅಂತ..."

"ಮೆಲ್ಲಗೆ ಹೇಳಿ ಓಡಿಹೋಗೋದು," ಎಂದರು ದೊಡ್ಡ ಮೇಡಂ. "ಕೋಪ ಮಾಡ್ಕೊಳ್ಳೋಕೂ ಅವಳಿಗೆ ಒಂದು ಗುರುವಾರ ಉಳಿಯಲ್ಲ. ಸರಿ, ಕಣ್ಣು ಮುಚ್ಕೊ. ಅವಳಿಗೆ ಹೇಳ್ತಿದ್ದೀಯ. ಏನು ಕಾಣುತ್ತೆ?"

"ಮುಖ ಕಾಣುತ್ತೆ. ಒಂದೂ ಮಾತಾಡಲ್ಲ. ಹೊಸಿಲ ಮೇಲೆ ನಿಂತಿದ್ದಾಳೆ, ಒಂದೇ ಕಾಲಿಗೆ ಚಪ್ಪಲಿ."

"ನಿನ್ನ ಕೋಣೆಗೆ ಹೊಸಿಲು ಎಲ್ಲಿದೆ?"

ಚಿಕ್ಕ ಮೇಡಂ ಕಣ್ಣು ಬಿಟ್ಟಳು. ಅದು ಗುರುವಾರದ ಮುಖವಾಗಿರಲಿಲ್ಲ, ಅವಳ ಅಮ್ಮನದು. ಅಮ್ಮನ ಸಿಟ್ಟಿಗೆ ಮನೆಯಲ್ಲಿ ಎಲ್ಲರಿಗೂ ಭಯ, ಅಮ್ಮನ ಮೇಲೆ ಎಲ್ಲರಿಗೂ ಜೀವ. ಹಾಗಾಗಿ ಯಾರಾದರೂ ಊರಿಗೆ ಹೊರಟರೆ ಹೊರಡುವ ಗಳಿಗೆಯವರೆಗೆ ಅಮ್ಮನಿಗೆ ಹೇಳುತ್ತಿರಲಿಲ್ಲ. ಪಾಪ, ಮೊದಲೇ ಹೇಳಿ ಯಾಕೆ ನೋಯಿಸೋದು, ಅನ್ನುತ್ತಿದ್ದರು ಅಪ್ಪ. ಇವಳು ಹಾಸ್ಟೆಲಿಗೆ ಹೊರಟಾಗ ಟ್ರಂಕನ್ನು ಮೊದಲೇ ಪಕ್ಕದ ಮನೆಗೆ ಸಾಗಿಸಿ ಬಚ್ಚಿಟ್ಟಿದ್ದರು. ಬೆಳಿಗ್ಗೆ ಆಟೋ ಬಂದು ನಿಂತ ಮೇಲೇ ಅಮ್ಮನಿಗೆ ಗೊತ್ತಾದದ್ದು. ಬೈಯಲೂ ಹೊತ್ತು ಸಿಗದೆ, ಸಿಕ್ಕ ಒಂದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

"ಆ ಟ್ರಂಕು ಈಗ ಎಲ್ಲಿದೆ?" ದೊಡ್ಡ ಮೇಡಂ ಮೃದುವಾಗಿ ಕೇಳಿದರು.

"ಕೆಳಗಡೆ, ನನ್ನ ಕೋಣೇಲಿ. ರಜೆ ಅನ್ನೋ ಟ್ರಂಕನ್ನ ಗುರುವಾರಕ್ಕೆ ಕಾಣದ ಹಾಗೆ ಕುರ್ಚಿ ಕೆಳಗೆ ಬಚ್ಚಿಟ್ಟಿದ್ದೀನಿ." ಚಿಕ್ಕ ಮೇಡಂಗೆ ಅಳು ಬಂತು. ಅಳುತ್ತಲೇ ಸ್ವಲ್ಪ ನಗುವೂ ಬಂತು.

"ಅಮ್ಮನ ವಿಷಯ ನಿನ್ನ ಸ್ವಂತ ಥೆರಪಿಸ್ಟ್ ಹತ್ರ ತಗೊಂಡು ಹೋಗು, ನಾನು ಅಲ್ಲಿಗೆ ಕೈ ಹಾಕಲ್ಲ. ನನಗೆ ಬೇಕಿರೋದು ಕುರ್ಚಿ ಕೆಳಗಿರೋದಷ್ಟೇ. ಅದು ನಿನ್ನ ಪಾಲು. ಗುರುವಾರದ ಪಾಲು ಎಷ್ಟು, ಹೇಳು."

ಪುಸ್ತಕದಲ್ಲಿ ಇದಕ್ಕೆ ಕೌಂಟರ್‌ಟ್ರಾನ್ಸ್‌ಫರೆನ್ಸ್ ಅನ್ನುವ ಉದ್ದನೆಯ ಹೆಸರಿದೆ. ಎದುರಿಗೆ ಕೂತವರು ಚಿಕಿತ್ಸಕರ ಒಳಗೆ ಎಬ್ಬಿಸುವ ಭಾವನೆಗಳು ಅಂತ ಅರ್ಥ. ಅದರಲ್ಲಿ ತನ್ನ ಹಳೇ ಗಂಟು ಯಾವುದು, ಬಂದವರು ಹೊತ್ತು ತಂದದ್ದು ಯಾವುದು ಅಂತ ಬಿಡಿಸುವುದೇ ಆ ಮಹಡಿಯ ಕೋಣೆಯ ಕೆಲಸ. ಚಿಕ್ಕ ಮೇಡಂ ಯೋಚಿಸಿದಳು. ಸಂಜೆ ಬರ್ತೀನಿ ಅಂತ ಮಗಳನ್ನು ಅವಳ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟುಹೋದ ಗುರುವಾರದ ತಾಯಿ ವಾಪಸ್ ಬಂದದ್ದು ವರ್ಷಗಳು ಕಳೆದ ಮೇಲೆ. ಪ್ರೀತಿಸಿದವನು ಹಿಂದಿನ ದಿನದವರೆಗೂ ಚಿನ್ನ ರನ್ನ ಅಂತ ಇದ್ದು, ಮರುದಿನ ಫೋನ್ ನಂಬರನ್ನೇ ಬದಲಾಯಿಸಿದ್ದ.

"ಎಲ್ಲರೂ ಅವಳ ಸುತ್ತ ತುದಿಗಾಲಲ್ಲಿ ನಡೀತಾರೆ," ಎಂದಳು ನಿಧಾನವಾಗಿ. "ಆಮೇಲೆ ಹೇಳದೆ ಹೋಗ್ತಾರೆ. ನಾನೂ ಅದನ್ನೇ ಮಾಡ್ತಿದ್ದೆ."

"ಇನ್ನೊಂದು ಇದೆ. ಕೋಪ ಮಾಡ್ಕೋಬೇಡ. ರಜೇಲಿ ಯಾರು ಬರಲ್ಲ ಅಂತ ನಿನಗೆ ಹೆಚ್ಚು ಖುಷಿ?"

ಚಿಕ್ಕ ಮೇಡಂ ಕಿಟಕಿಯ ಕಡೆ ನೋಡಿದಳು. ಉತ್ತರ ಒಂದೇ ಇತ್ತು, ನಾಚಿಕೆ ಬೆಟ್ಟದಷ್ಟಿತ್ತು. "ಅವಳೇ. ಗುರುವಾರ ಬಂದ್ರೆ ಬೆಳಿಗ್ಗೆಯಿಂದ ಯಾವಾಗ ಮುಗಿಯುತ್ತೋ ಅಂತ ಇರ್ತೀನಿ. ಹೊತ್ತು ಮುಗಿದ್ರೂ ಏಳು ಅನ್ನೋಕೆ ಧೈರ್ಯ ಬರಲ್ಲ, ಆಮೇಲೆ ಒಳಗೊಳಗೇ ಬೈಕೋತೀನಿ."

"ಸದ್ಯ, ಬಂತಲ್ಲ. ಪ್ರೀತಿ ಇದ್ದಲ್ಲಿ ಸುಸ್ತು ಇರಬಾರದು ಅಂತ ಯಾರೂ ಬರೆದಿಟ್ಟಿಲ್ಲ ಕಣೇ. ಅದನ್ನ ಮುಚ್ಚೋಕೆ ಹೋಗಿ ಅತಿ ಜೋಪಾನ ಮಾಡ್ತೀವಿ. ಜೋಪಾನ ಅತಿಯಾದ್ರೆ ಅವಳಿಗೆ ಗೊತ್ತಾಗುತ್ತೆ, ಮುಖ ಓದೋದರಲ್ಲಿ ಅವಳು ನಮಗಿಂತ ಜಾಣೆ."

ಅಲ್ಲಿಗೆ ಮುಗಿಯಿತು ಅಂದುಕೊಂಡು ಚಿಕ್ಕ ಮೇಡಂ ಚೀಲಕ್ಕೆ ಕೈ ಹಾಕಿದಳು. ದೊಡ್ಡ ಮೇಡಂ ತಡೆದರು.

"ಕೂತ್ಕೊ. ನಾನೂ ಒಂದು ಹೇಳ್ಬೇಕು. ನನ್ನ ಮಂಡಿಗೆ ಆಪರೇಷನ್. ನೀನು ವಾಪಸ್ ಬರೋ ಹೊತ್ತಿಗೆ ನಾನು ಇರಲ್ಲ, ಒಂದೂವರೆ ತಿಂಗಳು."

ಚಿಕ್ಕ ಮೇಡಂ ಚೀಲವನ್ನು ಕೆಳಗಿಟ್ಟಳು. "ಈಗ ಹೇಳ್ತಿದ್ದೀರಾ? ಯಾವಾಗ ಗೊತ್ತಾಯ್ತು?"

"ಹೋದ ಸಲ ನೀನು ಬಂದಾಗಲೇ ಗೊತ್ತಿತ್ತು. ನೀನು ಬಳಲಿದ್ದೆ, ಮುಂದಿನ ಸಲ ಹೇಳೋಣ ಅಂದ್ಕೊಂಡೆ. ಇದು ಅಂಟು ರೋಗ ನೋಡು, ಗುರುವಾರದಿಂದ ನಿನಗೆ, ನಿನ್ನಿಂದ ನನಗೆ." ಅವರು ಅವಳ ಮುಖವನ್ನೇ ನೋಡುತ್ತಿದ್ದರು. "ಒಳಗೆ ಏನಾಯ್ತು ಈಗ?"

"ಕೋಪ ಬಂತು. ಸಿಕ್ಕಾಪಟ್ಟೆ."

"ಬರಲಿ. ಆಮೇಲೆ?"

"ವಾಪಸ್ ಬರ್ತೀರಾ ಅಂತ ಕೇಳ್ಬೇಕು ಅನ್ನಿಸ್ತು." ಇಷ್ಟು ವಯಸ್ಸಾದ ಮೇಲೂ ಹೀಗೆ ಅನ್ನಿಸುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಅಕ್ಕರೆ ಬಂತು.

"ಬರ್ತೀನಿ," ಎಂದರು ದೊಡ್ಡ ಮೇಡಂ. ಬರುವ ದಿನವನ್ನು ಹೇಳಿದರು, ಅಲ್ಲಿಯವರೆಗೆ ಅವಳು ಯಾರ ಹತ್ತಿರ ಹೋಗಬಹುದೆಂದು ಹೇಳಿದರು.

ಮರುದಿನ ಗುರುವಾರ ಬಂದಳು. ಉಗುರಿನ ಸಂದಿಯಲ್ಲಿ ಕೇಕಿನ ನೀಲಿ ಬಣ್ಣ. ಚಿಕ್ಕ ಮೇಡಂ ಕೊನೆಗೆ ತಳ್ಳದೆ ಶುರುವಿನಲ್ಲೇ ಹೇಳಿದಳು. ಮುಂದಿನ ಗುರುವಾರ ಇರುತ್ತೇನೆ, ಆಮೇಲೆ ಮೂರು ವಾರ ಇರುವುದಿಲ್ಲ, ಇಂಥ ಗುರುವಾರ ಇದೇ ಸಮಯಕ್ಕೆ ಇಲ್ಲೇ ಸಿಗುತ್ತೇನೆ.

ಗುರುವಾರದ ಮುಖ ಬಾಗಿಲು ಹಾಕಿದಂತಾಯಿತು. "ಬೇರೆಯೋರಿಗೆಲ್ಲ ಯಾವಾಗ ಹೇಳಿದ್ರಿ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ಹೋದ ವಾರ. ನಿಮಗೆ ನೋವಾಗುತ್ತೆ ಅಂತ ಹೆದರಿ ಮುಂದಕ್ಕೆ ಹಾಕಿದೆ. ಅದು ನನ್ನ ತಪ್ಪು."

"ನಾನೇನು ಬಾಂಬಾ? ನಿಮ್ಮನ್ನ ದೇವರು ಅಂದ್ಕೊಂಡಿದ್ದೆ. ನೀವೂ ಎಲ್ಲರ ಥರಾನೇ, ಸಂಬಳಕ್ಕೆ ನಗೋರು. ನೀವಿಲ್ಲದಾಗ ನಾನು ಏನಾದ್ರೂ ಮಾಡ್ಕೊಂಡ್ರೆ?"

ನನ್ನ ಸ್ವಂತ ನಂಬರ್ ತಗೊಳ್ಳಿ, ಬೇಕಾದರೆ ರಜೆಯನ್ನೇ ಬಿಡುತ್ತೇನೆ, ಅನ್ನುವ ಮಾತು ಗಂಟಲವರೆಗೆ ಬಂತು. ಅದನ್ನು ಅಲ್ಲೇ ನಿಲ್ಲಿಸಿ ಅವಳು ನೇರವಾಗಿ ಕೇಳಿದಳು. "ಸಾಯೋ ಯೋಚನೆ ಬರ್ತಿದೆಯಾ? ಕೈ ಕುಯ್ಕೋಬೇಕು ಅನ್ನಿಸ್ತಿದೆಯಾ?"

"ಸಾಯೋದೇನೂ ಇಲ್ಲ. ಕೈ... ಈಗ ಅನ್ನಿಸ್ತಿದೆ. ನಿಮ್ಮನ್ನ ಹೆದರಿಸೋಣ ಅಂತಲೂ ಹೇಳಿದೆ." ಅಷ್ಟು ಹೇಳಿ ಎದ್ದು ಬಾಗಿಲಿಗೆ ಹೋದಳು.

"ಈ ಹೊತ್ತು ನಿಮ್ಮದೇ. ಮುಗಿಯೋವರೆಗೂ ಇಲ್ಲೇ ಇರ್ತೀನಿ," ಎಂದಳು ಚಿಕ್ಕ ಮೇಡಂ.

ಬಾಗಿಲು ದಡಾರನೆ ಬಿತ್ತು. ಗೋಡೆಯ ಗಡಿಯಾರ ಅಲುಗಿತು. ಚಿಕ್ಕ ಮೇಡಂ ಕೂತಳು. ಹಿಂದೆ ಓಡಬೇಕು ಅನ್ನಿಸಿತು, ಹೋದರೆ ಹೋಗಲಿ ಅಂತಲೂ ಅನ್ನಿಸಿತು. ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಹೊರಗೆ, ಕಾಯುವ ಜಾಗದಲ್ಲಿ ನೀರಿನ ಕ್ಯಾನು ಗುಳುಗುಳು ಅಂದಿತು. ಹೋಗುವವರು ಯಾರೂ ನಿಂತು ನೀರು ಕುಡಿಯುವುದಿಲ್ಲ ಅಂತ ಅವಳಿಗೆ ಸ್ವಲ್ಪ ಧೈರ್ಯ ಬಂತು.

ಬಾಗಿಲು ತೆರೆಯಿತು. ಗುರುವಾರ ಒಳಗೆ ಬರಲಿಲ್ಲ, ಚೌಕಟ್ಟಿಗೆ ಒರಗಿ ನಿಂತಳು.

"ಒಂದು ತೊಂದರೆ ಇದೆ ಮೇಡಂ. ಹೇಳದೆ ಹೋದೋರನ್ನ ಬೈದು ಅಭ್ಯಾಸ ನನಗೆ. ಹೇಳಿ ಹೋಗೋರನ್ನ ಹೇಗೆ ಬೈಯೋದು ಅಂತ ಗೊತ್ತಿಲ್ಲ."

ಚಿಕ್ಕ ಮೇಡಂಗೆ ಎದ್ದು ತಬ್ಬಿಕೊಳ್ಳಬೇಕು ಅನ್ನಿಸಿತು. ಏಳಲಿಲ್ಲ. "ಹೋಗೋಕೆ ಮುಂಚೆ ಇನ್ನೊಂದು ಗುರುವಾರ ಇದೆಯಲ್ಲ, ಅವತ್ತು ಬೈದು ನೋಡಿ. ಈಗ ಕೂತ್ಕೊಳ್ಳಿ, ಆ ಕೈ ವಿಷಯ ಮಾತಾಡೋಣ."

ಮಾತಾಡಿದರು. ಕೈ ಕುಯ್ದುಕೊಳ್ಳುವ ತುಡಿತ ಬಂದಾಗ ಮೊದಲು ಏನು ಮಾಡುವುದು, ಆಮೇಲೆ ಯಾರಿಗೆ ಫೋನ್ ಮಾಡುವುದು, ಬ್ಲೇಡನ್ನು ಇವತ್ತೇ ಚಿಕ್ಕಮ್ಮನ ಕೈಗೆ ಕೊಡುವುದು. ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಮುಂದಿನ ವಾರ ಒಮ್ಮೆ ಪರಿಚಯ ಮಾಡಿಸುವುದು ಅಂತಾಯಿತು. ಗುರುವಾರ ನಡುನಡುವೆ ಕುಟುಕುತ್ತಲೇ ಇದ್ದಳು. ಹೊತ್ತು ಮುಗಿದಾಗ ಚಿಕ್ಕ ಮೇಡಂ, ಎಷ್ಟೋ ವಾರಗಳ ಮೇಲೆ, ಸರಿಯಾದ ಸಮಯಕ್ಕೆ ಮುಗಿಸೋಣ ಅಂದಳು.

ಗುರುವಾರ ಚೀಲ ಹೆಗಲಿಗೇರಿಸಿದಳು. ಹೊರಡುವಾಗ ಎಲ್ಲರೂ ಹೇಳುವ ಬರ್ತೀನಿ ಅನ್ನುವ ಮಾತನ್ನು ಅವಳು ಯಾವತ್ತೂ ಹೇಳಿದವಳಲ್ಲ. ಚಿಕ್ಕಮ್ಮನ ಮನೆಯ ಆ ಸಂಜೆಯಿಂದ ಅವಳಿಗೆ ಅದರಲ್ಲಿ ನಂಬಿಕೆ ಇರಲಿಲ್ಲ.

"ಬರ್ತೀನಿ ಅಂತ ನಾನು ಹೇಳಲ್ಲ," ಎಂದಳು. "ಆದ್ರೆ ಮುಂದಿನ ವಾರ ಬೈಯೋಕೆ ಇಷ್ಟು ಹೊತ್ತು ಸಾಲಲ್ಲ. ನೀವು ವಾಪಸ್ ಬಂದ ಮೇಲೆ ಉಳಿದಿದ್ದು."

ಈ ಸಲ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಚಿಕ್ಕ ಮೇಡಂ ಕಣ್ಣೊರೆಸಿಕೊಂಡು, ಓರೆಯಾಗಿದ್ದ ಗಡಿಯಾರವನ್ನು ನೆಟ್ಟಗೆ ಮಾಡಿ, ಮುಂದಿನವರನ್ನು ಒಳಗೆ ಕರೆದಳು.