ಕೇಳದೆ ಹೋದ ನಂಬರು

"ನಿನ್ನ ಕೇಳ್ದೆ ನಿನ್ನ ನಂಬರ್ರು, ಮನೆ ಗುರುತು ಯಾರ್ಗೂ ಕೊಡಲ್ಲ ಕಣಕ್ಕ" ಎಂದು ಪ್ರಮೀಳಾ ಮಾಯಮ್ಮನಿಗೆ ಮಾತು ಕೊಟ್ಟಾಗ ಪ್ರಮೀಳಾಳ ಮಗಳು ಸ್ನೇಹ ಇನ್ನೂ ಸೆರಗು ಹಿಡಿದು ಓಡಾಡುವ ಕೂಸು. ಈಗ ಆ ಹುಡುಗಿ ತನ್ನ ಜಡೆ ತಾನೇ ಹೆಣೆದುಕೊಂಡು ಹೈಸ್ಕೂಲಿಗೆ ಹೋಗುತ್ತಾಳೆ. ಇಷ್ಟು ವರ್ಷ ಆ ಮಾತು ಒಲೆಯ ಹಿಂದಿನ ಉಪ್ಪಿನ ಮರಿಗೆಯ ಹಾಗೆ ಇದ್ದಲ್ಲೇ ಇತ್ತು. ಯಾರೂ ಅದನ್ನು ಕದಲಿಸುವ ಪ್ರಸಂಗ ಬಂದಿರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಪ್ರಮೀಳಾ ಮತ್ತು ಅವಳ ಗಂಡ ಧರ್ಮೇಂದ್ರ ಬಾಟಲಿ, ಮುಚ್ಚಳ, ರಟ್ಟಿನ ಡಬ್ಬ ಮಾರುವ ಅಂಗಡಿ ಇಟ್ಟಿದ್ದರು. ಉಪ್ಪಿನಕಾಯಿ ಹಾಕುವವರು, ಜೇನು ಮಾರುವವರು, ಎಣ್ಣೆ ತೆಗೆಯುವವರು ಎಲ್ಲರೂ ಬರುವ ಜಾಗ. ಯಾರು ಏನು ಮಾಡುತ್ತಾರೆ, ಯಾರಿಗೆ ಏನು ಬೇಕು ಎನ್ನುವುದು ಪ್ರಮೀಳಾಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಮಾಯಮ್ಮ ಅವಳ ಹಳೆಯ ಗಿರಾಕಿ. ತೊಣ್ಣೂರಿನಲ್ಲಿ ಮರದ ಗಾಣಕ್ಕೆ ಮೋಟಾರು ಕಟ್ಟಿಸಿ ಕೊಬ್ಬರಿ ಎಣ್ಣೆ ತೆಗೆಯುತ್ತಿದ್ದಳು. ಬಾಗಿಲಿಗೆ ಬೋರ್ಡು ಇರಲಿಲ್ಲ. ಬಾಟಲಿಯ ಮೇಲೆ ಊರಿನ ಹೆಸರೂ ಇರಲಿಲ್ಲ.

ಅದಕ್ಕೆ ಕಾರಣವಿತ್ತು. ಮೊದಲು ಅವಳ ಗಾಣ ನಾಗಮಂಗಲದ ಕಡೆ ಇತ್ತು. ಯಾರೋ ಪರಿಚಯದವರು, ಪಾಪ ಒಳ್ಳೆಯದಾಗಲಿ ಎಂದೇ, ಅವಳನ್ನು ಒಂದು ಮಾತೂ ಕೇಳದೆ ಚಿಕ್ಕಸ್ವಾಮಿ ಎಂಬ ವ್ಯಾಪಾರಿಗೆ ಅವಳ ನಂಬರು ಕೊಟ್ಟರು. ಅವನು ಬಂದ, ಎಣ್ಣೆ ಕೊಂಡ, ಆಮೇಲೆ ಇನ್ಯಾರಿಗೂ ಮಾರಕೂಡದು ಎಂದ. ಮಾಯಮ್ಮ ಮಾರಿದಳು. ಒಂದು ಬೆಳಗ್ಗೆ ಅವನು ಜನ ಕರಕೊಂಡು ಬಂದು ಎಣ್ಣೆಯ ಪೀಪಾಯಿಗಳಿಗೆಲ್ಲ ಮರಳು ಸುರಿಸಿ, ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ಹೋದ. ಸ್ಟೇಷನ್ನಿಗೆ ಹೋದರೆ ಸಾಕ್ಷಿಗೆ ಊರಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಗಂಡ ತೀರಿಕೊಂಡಿದ್ದ ಹೆಂಗಸು, ಗಾಣ ಬಿಚ್ಚಿ ಲಾರಿಗೆ ಹಾಕಿಕೊಂಡು ತವರಿನ ಕಡೆ ಬಂದುಬಿಟ್ಟಳು. ಪ್ರಮೀಳಾಳ ಅಂಗಡಿಗೆ ಬಾಟಲಿಗೆಂದು ಬಂದ ಮೊದಲ ದಿನವೇ ನಂಬರು ಕೊಡುವ ಮುಂಚೆ ಆ ಮಾತು ತೆಗೆದುಕೊಂಡಿದ್ದಳು.

ಹೀಗಿರುವಾಗ ಶ್ರೀರಂಗಪಟ್ಟಣದಿಂದ ದಿವ್ಯ ಬಂದಳು. ಕೋಟೆಯ ಹತ್ತಿರ ಸಣ್ಣ ಅಂಗಡಿ ತೆರೆದಿದ್ದ ಹುಡುಗಿ. ಪಟಪಟ ಮಾತು, ನಗುವ ಮುಖ.

"ಅಕ್ಕ, ಗಾಣದ ಕೊಬ್ಬರಿ ಎಣ್ಣೆ ಮಾಡೋರು ಯಾರಾರ ಗೊತ್ತಾ? ಟೂರಿಸ್ಟ್‌ಗಳು ಕೇಳ್ತಾವ್ರೆ. ಮಿಲ್ಲಿಂದು ತಂದಿಟ್ರೆ ಮೂಸಿ ನೋಡಿ ವಾಪಸ್ ಇಡ್ತಾರೆ."

"ಒಬ್ರವ್ರೆ."

"ನಂಬರ್ ಕೊಡಕ್ಕ ಮತ್ತೆ!"

"ಅವ್ರನ್ನ ಕೇಳದೆ ಕೊಡಲ್ಲ ಕಣವ್ವ. ನಿಂಗೆ ಏನು ಬೇಕು, ಎಷ್ಟು ಬೇಕು, ಯಾರು ಬಂದು ನೋಡ್ತಾರೆ ಅಂತ ಬಿಡಿಸಿ ಹೇಳು. ಅದನ್ನ ಅವ್ರಿಗೆ ಹೇಳ್ತೀನಿ. ಊಂ ಅಂದ್ರೆ ಇಬ್ರನ್ನೂ ಸೇರಿಸ್ತೀನಿ."

"ಅಯ್ಯೋ, ಏನಕ್ಕ, ಹೆಣ್ಣು ನೋಡೋ ಶಾಸ್ತ್ರ ಇದ್ದಂಗದೆ!" ಎಂದು ದಿವ್ಯ ನಕ್ಕಳು. ಆದರೂ ಹೇಳಿದಳು: ತಿಂಗಳಿಗೆ ನೂರು ಬಾಟಲಿ, ಬಾಟಲಿಯ ಮೇಲೆ ಮಾಡಿದವರದೇ ಹೆಸರು, ಮೊದಲು ಸ್ವಲ್ಪ ತಂದು ನೋಡುವುದು. "ಯಾರು ಬತ್ತಾರೆ ಅಂತ ಆಮೇಲೆ ಹೇಳ್ತೀನಿ. ನನ್ನ ಹೆಸರು, ಅಂಗಡಿ ಎಲ್ಲ ಅವ್ರಿಗೆ ಹೇಳಕ್ಕ, ತೊಂದ್ರೆ ಇಲ್ಲ."

ದಿವ್ಯಳ ಕಡೆಯಿಂದ ಒಪ್ಪಿಗೆ ಸಿಕ್ಕಿತು. ಪ್ರಮೀಳಾ ಮಾಯಮ್ಮನಿಗೆ ಫೋನು ಮಾಡಿದಳು. ಗಾಣ ತಿರುಗುವಾಗ ಆ ಗದ್ದಲಕ್ಕೆ ಅವಳಿಗೆ ಫೋನು ಕೇಳಿಸುವುದಿಲ್ಲ. ಓದುಬರಹವೂ ಅಷ್ಟಕ್ಕಷ್ಟೇ. ಹಾಗಾಗಿ ವಾಯ್ಸ್ ಮೆಸೇಜು ಹಾಕಿದಳು: "ಮಾಯಕ್ಕ, ಶ್ರೀರಂಗಪಟ್ಟಣದ ಒಬ್ಬ ಹುಡುಗಿಗೆ ನಿನ್ನ ಎಣ್ಣೆ ಬೇಕಂತೆ. ಯಾರು ಬಂದು ನೋಡ್ತಾರೆ ಅಂತ ಇನ್ನೂ ಕೇಳ್ಬೇಕು. ಕೇಳಿ ಹೇಳ್ತೀನಿ. ಬ್ಯಾಡ ಅಂದ್ರೆ ಬ್ಯಾಡ. ಬೇಜಾರಿಲ್ಲ." ಆಮೇಲೆ ಗಿರಾಕಿಗಳ ನಡುವೆ ಮುಳುಗಿಹೋದಳು.

ಮಾರನೆಯ ದಿನ ಸ್ನೇಹಳ ಡಬ್ಬಿಗೆ ಚಿತ್ರಾನ್ನ ತುಂಬಿ, ಅವಳನ್ನು ಬಸ್ಸು ಹತ್ತಿಸಿ ಅಂಗಡಿಗೆ ಬಂದು ಬಾಗಿಲು ಎತ್ತುವಷ್ಟರಲ್ಲಿ ದಿವ್ಯಳ ಫೋನು.

"ತುಂಬಾ ಥ್ಯಾಂಕ್ಸ್ ಅಕ್ಕ! ಅಣ್ಣ ನೆನ್ನೆ ಸಾಯಂಕಾಲ ನಂಬರ್ ಕಳ್ಸುದ್ರು."

ಪ್ರಮೀಳಾ ಬೀಗ ಪಕ್ಕಕ್ಕಿಟ್ಟಳು. "ಯಾವಣ್ಣ?"

"ನಿಮ್ಮನೆಯೋರು. ನಾನೇ ಫೋನ್ ಮಾಡಿದ್ದೆ, ನೀವಿರ್ಲಿಲ್ಲ. ನಮ್ಮ ಗಾಡಿಯೋರಿಗೆ ನಂಬರ್ ಹಾಕ್ಬುಟ್ಟೆ. ಅವ್ರಿಗೆ ಎಣ್ಣೆ ಯವಾರ ಎಲ್ಲಾ ಬತ್ತದೆ. ಬೆಳಗ್ಗೇನೇ ಹೊರಟ್ರು. ಚಿಕ್ಕಸ್ವಾಮಣ್ಣ ಅಂತ, ನಾಗಮಂಗಲ ಕಡೆಯೋರು."

ನಾಗಮಂಗಲ ಕಡೆ ಚಿಕ್ಕಸ್ವಾಮಿಗಳಿಗೇನು ಬರವೇ? ಬೇರೆ ಯಾರೋ ಇರಬೇಕು ಎಂದುಕೊಂಡಳು ಪ್ರಮೀಳಾ. ಆದರೂ ಕೇಳಿದಳು: "ನೋಡಕ್ಕೆ ಎಂಗವ್ರೆ?"

"ದಪ್ಪಕ್ಕವ್ರೆ. ಎಡಗೈಯಲ್ಲಿ ಎರಡು ಬೆಟ್ಟು ಇಲ್ಲ. ಯಾಕಕ್ಕ?"

ಮರಳಿನ ಕಥೆ ಹೇಳುವಾಗ ಮಾಯಮ್ಮ ತನ್ನ ಎಡಗೈಯ ಎರಡು ಬೆರಳು ಮಡಚಿ ತೋರಿಸುತ್ತಿದ್ದಳು, ಒಂದು ಸಲ ಹೇಳಿದ ಹೆಸರನ್ನು ಮತ್ತೆ ಬಾಯಲ್ಲಿ ಹೇಳಲಾರದೆ.

"ಈಗ್ಲೇ ವಾಪಸ್ ಕರಿ ಅವನ್ನ. ಯಾಕೆ ಅಂತ ನಾನು ಹೇಳಂಗಿಲ್ಲ, ಅದು ಅವ್ರ ವಿಷ್ಯ, ಅವ್ರೇ ಹೇಳ್ಬೇಕು. ಎಣ್ಣೆ ಬ್ಯಾಡ ಅನ್ನು, ಏನಾರ ಅನ್ನು. ದಿವ್ಯ, ನಿನ್ನ ಕಾಲ್ಗೆ ಬೀಳ್ತೀನಿ."

ದಿವ್ಯಳ ನಗು ನಿಂತಿತು. "ಆಯ್ತಕ್ಕ" ಎಂದು ಫೋನಿಟ್ಟಳು.

ಧರ್ಮೇಂದ್ರ ರಟ್ಟಿನ ಡಬ್ಬಗಳ ಹಿಂದಿನಿಂದ ಎದ್ದು ಬಂದ. "ಏನಾಯ್ತು?"

"ಮಾಯಕ್ಕನ ನಂಬರ್ ಯಾಕ್ ಕಳ್ಸುದ್ರಿ?"

"ಗಿರಾಕಿ ಕೇಳಿದ್ಲು, ಕಳಿಸ್ದೆ. ಆಯಮ್ಮಂಗೆ ಯಾಪಾರ ಆದ್ರೆ ನಮಗೂ ಬಾಟ್ಲಿ ಓಗ್ತದೆ. ಅದ್ರಲ್ಲೇನು ತಪ್ಪು?"

"ಬರೀ ನಂಬರ್ರಾ?"

"ಫೋನಲ್ಲಿ ಎಂಗಿತ್ತೋ ಅಂಗೇ ಒತ್ದೆ."

ಪ್ರಮೀಳಾ ಅಂಗಡಿಯ ಫೋನು ತೆಗೆದು ನೋಡಿದಳು. ಒಂದೇ ಹೆಸರಿನ ಗಿರಾಕಿಗಳು ಹತ್ತಾರು ಮಂದಿ ಇರುವುದರಿಂದ ಹೆಸರಿನ ಜೊತೆ ಕಸುಬು, ಊರು, ಗುರುತು ಸೇರಿಸಿ ಇಡುವುದು ಅವರ ಪದ್ಧತಿ. ಕಳಿಸಿದ್ದರಲ್ಲಿ ಎಲ್ಲವೂ ಇತ್ತು: ಮಾಯಮ್ಮ ಗಾಣ ತೊಣ್ಣೂರು ಕೆರೆ ಏರಿ ಕೆಳಗೆ ನೀಲಿ ಗೇಟು. ಗುರುತಿಟ್ಟವಳು ಅವಳೇ.

ಮಾಯಮ್ಮನಿಗೆ ಫೋನು ಹಚ್ಚಿದಳು. ಕರೆ ಹೋಗಿ ಹೋಗಿ ನಿಂತಿತು. ಮತ್ತೆ ಹಚ್ಚಿದಳು. ಸ್ವಿಚ್ ಆಫ್.

ಸ್ಕೂಟರು ಹತ್ತಿ ಚಿನಕುರಳಿ ರಸ್ತೆ ಹಿಡಿದಳು. ಧರ್ಮೇಂದ್ರ "ನಾನೂ ಬತ್ತೀನಿ ತಡಿ" ಎಂದು ಕೂಗುತ್ತಿದ್ದ, ನಿಲ್ಲಿಸಲಿಲ್ಲ. ಎದುರಿಗೆ ಬಂದ ಪ್ರತಿ ಗಾಡಿಯ ಒಳಗೂ ಇಣುಕಿದಳು. ಕಬ್ಬಿನ ಟ್ರಾಕ್ಟರೊಂದು ರಸ್ತೆ ತುಂಬಿಕೊಂಡು ದಾರಿ ಬಿಡದೆ ಹೋಗುತ್ತಿತ್ತು. ಹಾರ್ನು ಒತ್ತಿ ಒತ್ತಿ ಹೆಬ್ಬೆರಳು ನೋಯಿತು. ಈ ಹೊತ್ತಿಗೆ ಅವನು ನೀಲಿ ಗೇಟು ಕಂಡಿರಬಹುದು. ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿರಬಹುದು. ಮಾಯಮ್ಮ ಒಳಗೆ, ಕಿವಿ ಕಿವುಡಾಗುವ ಗದ್ದಲದಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಕೊಬ್ಬರಿ ಹಾಕುತ್ತಿರಬಹುದು. ಹಿಂದೆ ಯಾರು ಬಂದು ನಿಂತರೂ ಅವಳಿಗೆ ತಿಳಿಯುವುದಿಲ್ಲ.

ಕೆರೆ ಏರಿ ಇಳಿದಾಗ ಗಾಡಿ ಕಾಣಲಿಲ್ಲ. ಆದರೆ ಗಾಣದ ಸದ್ದೂ ಇರಲಿಲ್ಲ. ಬೆಳಗಿನ ಹೊತ್ತು ಅದು ನಿಂತದ್ದನ್ನು ಪ್ರಮೀಳಾ ಯಾವತ್ತೂ ಕಂಡಿರಲಿಲ್ಲ.

"ಮಾಯಕ್ಕಾ!"

ಗೇಟು ತಳ್ಳಿದಳು. ಮನೆ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಕಿಟಕಿಯ ಸಂದಿಯಲ್ಲಿ ಒಂದು ಕಣ್ಣು ಕಂಡು ಮರೆಯಾಯಿತು.

"ನಾನು ಪ್ರಮೀಳಾ ಕಣಕ್ಕ. ಒಬ್ಳೇ ಬಂದಿವ್ನಿ."

ಬಹಳ ಹೊತ್ತಿನ ಮೇಲೆ ಅಗುಳಿ ಸರಿಯಿತು. ಮಾಯಮ್ಮ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿ ಗಾಣದ ಕಬ್ಬಿಣದ ಸರಳು. ಅದನ್ನು ಕೆಳಗಿಡಲಿಲ್ಲ.

"ಬಂದಿದ್ನಾ?" ಎಂದಳು ಪ್ರಮೀಳಾ.

"ಫೋನ್ ಮಾಡಿದ್ದ. ಗಾಣ ನಿಲ್ಸಿ ಹಿಂಡಿ ತೆಗೀತಿದ್ದೆ. ನೀನು ಯೋಳಿದ್ದ ಗಿರಾಕಿ ಏನೋ ಅಂತ ಎತ್ಕಂಡೆ. 'ಮಾಯವ್ವ, ತೊಣ್ಣೂರಲ್ಲಿದ್ದೀಯಾ? ನೀಲಿ ಗೇಟಾ? ಚೆಂದಾಗಿದ್ದೀಯಾ?' ಅಂದ. ಅಷ್ಟೇ. ಆರ್ಸ್‌ಬುಟ್ಟೆ ಫೋನ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನೀನಾ ಕೊಟ್ಟಿದ್ದು?"

"ನಮ್ಮನೆಯೋರು ಕೊಟ್ರು. ನಾನು ಅವ್ರಿಗೆ ನಿನ್ನ ವಿಷ್ಯ ಏನೂ ಹೇಳಿರ್ಲಿಲ್ಲ. ನಂಬರ್ ಕೊಡಬ್ಯಾಡಿ ಅಂತ್ಲೂ ಹೇಳಿರ್ಲಿಲ್ಲ. ಗುರುತು ಬರೆದಿಟ್ಟಿದ್ದೋಳು ನಾನೇ."

ಆಗ ದಿವ್ಯಳ ಫೋನು ಬಂತು. ಚಿನಕುರಳಿ ಹತ್ತಿರ ಹೋಗಿದ್ದವನನ್ನು ಫೋನು ಮಾಡಿ ವಾಪಸ್ ಕರೆಸಿಕೊಂಡಿದ್ದಳು. "ನಗಾಡ್ಕಂಡು ವಾಪಸ್ ಬಂದ್ರಕ್ಕ. 'ಪರ್ವಾಗಿಲ್ಲ, ಇವತ್ತಲ್ದಿದ್ರೆ ನಾಳೆ, ಮನೆ ಗೊತ್ತಾಯ್ತಲ್ಲ' ಅಂದ್ರು. ನಂಗ್ಯಾಕೋ ಭಯ ಆಯ್ತದೆ. ಯಾರಕ್ಕ ಅವ್ರು?"

ಪ್ರಮೀಳಾ ಫೋನಿಗೆ ಕೈ ಅಡ್ಡ ಹಿಡಿದಳು. ಈ ಸಲ ಕೇಳಿದಳು: "ಅಕ್ಕ, ಆ ಹುಡುಗಿಗೆ ನಿನ್ನ ಕಥೆ ಹೇಳ್ಲಾ? ಅವ್ಳಿಗೆ ಅವ್ನು ಯಾರು ಅಂತ ಗೊತ್ತಿಲ್ಲ. ಬ್ಯಾಡ ಅಂದ್ರೆ ಇಲ್ಲಿಗೇ ಬಿಡ್ತೀನಿ."

ಮಾಯಮ್ಮ ಗೇಟಿನ ಕಡೆ ನೋಡಿದಳು. "ಯೋಳು. ಬಚ್ಚಿಡಕ್ಕೆ ಇನ್ನೇನೈತೆ? ಇವಳಾದ್ರೂ ಯಾರು ಅಂತ ನಾನೂ ನೋಡ್ತೀನಿ. ಇಲ್ಲಲ್ಲ, ಪಾಂಡವಪುರ ಬಸ್‌ಸ್ಟ್ಯಾಂಡ್ ಓಟ್ಲಲ್ಲಿ. ನೀನು ಪಕ್ಕದಲ್ಲಿರ್ಬೇಕು. ಅವನ ಗಾಡಿ ನನ್ನ ಎಣ್ಣೆ ಮುಟ್ಟಕೂಡ್ದು. ಒಪ್ಪಿದ್ರೆ ಬರ್ಲಿ."

ಮರಳಿನ ಕಥೆ, ಮಾಯಮ್ಮನ ಷರತ್ತು ಎಲ್ಲವನ್ನೂ ಪ್ರಮೀಳಾ ದಿವ್ಯಳಿಗೆ ಹೇಳಿದಳು. ದಿವ್ಯ, "ನಂಬರ್ ಮುಂದಕ್ಕೆ ಹಾಕಿದ್ದು ನಾನೇ ಅಲ್ವಾ. ಬತ್ತೀನಿ ಅಂತ ಹೇಳಕ್ಕ. ಆ ಗಾಡಿ ಇವತ್ತಿಂದ ಬ್ಯಾಡ" ಎಂದಳು.

ಇಬ್ಬರೂ ಒಪ್ಪಿದ ಮೇಲೆ ಪ್ರಮೀಳಾ ಮೂವರದೊಂದು ವಾಟ್ಸಾಪ್ ಗುಂಪು ಮಾಡಿ ಅದಕ್ಕೆ ಮಾತಾಡಿ ಕಳಿಸಿದಳು: "ಮಾಯಕ್ಕ, ಇವಳು ದಿವ್ಯ, ಶ್ರೀರಂಗಪಟ್ಟಣದಲ್ಲಿ ಅಂಗಡಿ. ದಿವ್ಯ, ಇವರು ಮಾಯಮ್ಮ, ಇವರ ಎಣ್ಣೆ ನಾನು ವರ್ಷಗಳಿಂದ ಬಲ್ಲೆ. ಸೇರ್ತಿರೋದು ಒಂದೇ ಕೆಲಸಕ್ಕೆ: ತಿಂಗಳಿಗೆ ನೂರು ಬಾಟ್ಲಿ ಆಯ್ತದಾ ಇಲ್ವಾ ಅಂತ ಮಾತಾಡಕ್ಕೆ. ನಾಳೆ ಪಾಂಡವಪುರದಲ್ಲಿ." ಮಾಯಮ್ಮ ಅವಳ ಎದುರಿಗೇ ಕುಳಿತು ಅದನ್ನು ಎರಡು ಸಲ ಹಾಕಿಸಿ ಕೇಳಿದಳು.

ಹೋಟೆಲಿನಲ್ಲಿ ವ್ಯವಹಾರ ಕುದುರಿತು. ಎಣ್ಣೆ ಪ್ರಮೀಳಾಳ ಅಂಗಡಿಗೆ ಬರುವುದು, ದಿವ್ಯ ಅಲ್ಲಿಂದಲೇ ಒಯ್ಯುವುದು. ಆಮೇಲೆ ಮೂವರೂ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು. ಈ ಸಲ ಅವನು ಆಡಿದ ಮಾತಿಗೆ ದಿವ್ಯ ಸಾಕ್ಷಿ ಹೇಳಿದಳು. ಅಂಗಡಿಯ ಫೋನಿನಲ್ಲಿ ಊರು, ಗುರುತುಗಳನ್ನೆಲ್ಲ ಧರ್ಮೇಂದ್ರನೇ ಕುಳಿತು ಒಂದೊಂದಾಗಿ ಅಳಿಸಿದ.

ಮುಂದಿನ ತಿಂಗಳು ಬಾಟಲಿಯ ಲೋಡು ಇಳಿಸಲು ಪ್ರಮೀಳಾ ತೊಣ್ಣೂರಿಗೆ ಹೋದಳು. ಗಾಣ ತಿರುಗುತ್ತಿತ್ತು. ಮಾಯಮ್ಮ ಮೋಟಾರಿನ ಆಚೆ ಬದಿಗೆ ಸರಿದು, ಬಾಗಿಲಿಗೆ ಮುಖ ಮಾಡಿ ನಿಂತು ಕೊಬ್ಬರಿ ಹಾಕುತ್ತಿದ್ದಳು. ಸರಳು ಕೈಗೆ ಸಿಗುವಲ್ಲೇ ಇತ್ತು. ಗೇಟಿಗೆ ಕಪ್ಪು ಬಣ್ಣ ಬಳಿದಿದ್ದಳು. ಅವನು ಇನ್ನೂ ಬಂದಿರಲಿಲ್ಲ.

ಕೇಳದೆ ಕೊಡುವುದಿಲ್ಲ ಎಂದು ಪ್ರಮೀಳಾ ಮಾತು ಕೊಟ್ಟಿದ್ದಳು. ಆ ಮಾತು ಮುರಿದಿತ್ತು; ಗೇಟಿನ ಬಣ್ಣ ಬದಲಾದರೂ ಮನೆ ಅವನಿಗೆ ಗೊತ್ತಾಗಿಯೇ ಇತ್ತು.