ಬಿಸಿನೀರಣ್ಣನ ಬೀಳ್ಕೊಡುಗೆ

ನಮ್ಮ ಬಿಯರ್ ಕಾರ್ಖಾನೆಯಲ್ಲಿ ಬಿಸಿನೀರಣ್ಣ ಎಂದರೆ ಗೊತ್ತಿಲ್ಲದವರಿಲ್ಲ. ಯೀಸ್ಟ್ ಹಾಕುವುದು ಅವರ ಕೆಲಸ. ಅವರಿಗೆ ಆ ಹೆಸರು ಬಿದ್ದದ್ದು ನನ್ನಿಂದ. ಇದು ಇಪ್ಪತ್ತೆರಡು ವರ್ಷ ನನಗೊಬ್ಬನಿಗೇ ಗೊತ್ತಿತ್ತು. ಅವರ ನಿವೃತ್ತಿಯ ದಿನ ಭಾಷಣ ಮಾಡುವ ಭಾಗ್ಯವೂ ನನ್ನ ಪಾಲಿಗೇ ಬಂತು. ನಾನೀಗ ಇಲ್ಲಿ ಮುಖ್ಯ ಬ್ರೂವರ್, ಬಿಯರ್ ತಯಾರಿಕೆಯ ಉಸ್ತುವಾರಿ ನನ್ನದು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸೇರಿದ್ದೆವು. ಮುಂದಿನ ಸಾಲಿನಲ್ಲಿ ಅಣ್ಣ, ಪಕ್ಕದಲ್ಲಿ ಅತ್ತಿಗೆ. ಬಾಟ್ಲಿಂಗ್ ವಿಭಾಗದ ಬಾಯಿಬಡುಕ ಹಿಂದಿನಿಂದ ಕೂಗಿದ: "ಸಾರ್, ಬಿಸಿನೀರಿನ ಕಥೆ ಬಿಡಬೇಡಿ!"

ನನ್ನ ಭಾಷಣದ ಚೀಟಿಯಲ್ಲಿ ಆ ಕಥೆ ಕೊನೆಗಿತ್ತು. ಅದಕ್ಕೆ ಜನ ಬಿದ್ದು ಬಿದ್ದು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ನಾನು ಕೂತುಕೊಳ್ಳುತ್ತೇನೆ. ಹೀಗೆ ಲೆಕ್ಕ ಹಾಕಿಯೇ ಬರೆದಿದ್ದೆ. ನಾಚಿಕೆಗೆಟ್ಟವನು ನಾನು.

"ಮೂವತ್ತೆಂಟು ವರ್ಷ ಅಣ್ಣ ಬಿಯರಲ್ಲೇ ಮುಳುಗಿದ್ರು, ಆದ್ರೆ ಬಾಯಿಗೆ ಹಾಕಿದ್ದು ಕಮ್ಮಿ," ಎಂದು ಶುರು ಮಾಡಿದೆ. "ಮದುವೆಯಾದ ಹೊಸದ್ರಲ್ಲಿ ಅತ್ತಿಗೆ ದಿನಾ ಬಾಯಿ ಮೂಸಿ ನೋಡ್ತಿದ್ರಂತೆ. ತಿಂಗಳಾದ ಮೇಲೆ ಗೊತ್ತಾಯ್ತು, ವಾಸನೆ ಬರ್ತಿದ್ದಿದ್ದು ಬೂಟಿಂದ!"

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಯೀಸ್ಟ್ ನೋಡಿ ಕಲೀಬೇಕು ಅಂತಿದ್ರು ಅಣ್ಣ. ಹೊಟ್ಟೆ ತುಂಬ ಸಕ್ಕರೆ ತಿನ್ನುತ್ತೆ, ಕೆಲಸ ಮುಗಿಸುತ್ತೆ, ತಳಕ್ಕೆ ಹೋಗಿ ಮಲಗುತ್ತೆ. ಯಾರ ಭಾಷಣಾನೂ ಕೇಳಲ್ಲ. ಆ ಯೋಗ ಅಣ್ಣನಿಗಿಲ್ಲ, ಪಾಪ."

ಮತ್ತೆ ನಗು. ಚೀಟಿಯಲ್ಲಿ ಉಳಿದದ್ದು ಬಿಸಿನೀರಿನ ಕಥೆಯೊಂದೇ. ಅಣ್ಣ ಆಗಲೇ ತಲೆ ತಗ್ಗಿಸಿ, ನಗೆಪಾಟಲಾಗಲು ಸಿದ್ಧರಾಗಿ ಕೂತಿದ್ದರು. ಆ ತಗ್ಗಿದ ತಲೆ ನೋಡಿದೆ. ಚೀಟಿ ಮಡಚಿ ಜೇಬಿಗೆ ಹಾಕಿದೆ.

"ಏಳನೇ ಟ್ಯಾಂಕಿನ ಆ ಬಿಸಿನೀರಿನ ಕಥೆ ನೀವೆಲ್ಲ ಕೇಳಿದ್ದೀರಿ," ಎಂದೆ. "ಪೂರ್ತಿ ಕೇಳಿಲ್ಲ. ಕುದಿಸಿದ ಮಾಲ್ಟ್ ರಸ ಕೂಲರ್ ದಾಟಿ, ತಣ್ಣಗಾಗಿ ಟ್ಯಾಂಕಿಗೆ ಬರಬೇಕು. ಅವತ್ತು ಅಣ್ಣ ಪೈಪಿನ ಥರ್ಮಾಮೀಟರ್ ನೋಡಿದ್ರು, ಹನ್ನೆರಡು ಡಿಗ್ರಿ ಇತ್ತು. ಯೀಸ್ಟ್ ಹಾಕಿ, ಪಾತ್ರೆ ತೊಳೆಯೋಕೆ ಹೋದ್ರು. ರಸ ಇನ್ನೂ ಮುಕ್ಕಾಲು ಭಾಗ ಬರೋದಿತ್ತು. ಆಗ ಇನ್ನೊಂದು ಟ್ಯಾಂಕಿಗೆ ತಣ್ಣೀರು ಸಾಲದೆ ಬಂತು. ನಾನು ಕೂಲರಿನ ತಣ್ಣೀರಿನ ವಾಲ್ವ್ ಮುಚ್ಚಿ ಆ ಕಡೆ ತಿರುಗಿಸಿದೆ. ಐದು ನಿಮಿಷಕ್ಕೆ ಅಂತ ಮುಚ್ಚಿದ್ದು, ಮರೆತೆ. ಅರ್ಧ ಗಂಟೆ ಕುದಿಯೋ ರಸಾನೇ ಹೋಗಿ ಯೀಸ್ಟ್ ಮೇಲೆ ಬಿತ್ತು. ನೆನಪಾದ ಮೇಲೆ ವಾಲ್ವ್ ತೆಗೆದೆ, ಬಾಯಿ ಮುಚ್ಚಿಕೊಂಡೆ."

ಯಾರೂ ನಗಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ, ಅದರ ಮರುದಿನ, ಟ್ಯಾಂಕಿನ ಗಾಳಿ ಪೈಪು ಮುಳುಗಿಸಿಟ್ಟ ಬಕೆಟ್ಟಿನಲ್ಲಿ, ಯೀಸ್ಟ್ ಬದುಕಿದ್ದರೆ ಏಳಬೇಕಿದ್ದ ಗುಳ್ಳೆ ಒಂದೂ ಏಳಲಿಲ್ಲ. ಟ್ಯಾಂಕು ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಯೀಸ್ಟ್ ಸತ್ತು, ಇಪ್ಪತ್ತು ಸಾವಿರ ಲೀಟರ್ ಚರಂಡಿ ಪಾಲಾಯಿತು. ಥರ್ಮಾಮೀಟರ್ ತಪ್ಪು ಓದಿ ಬಿಸಿ ರಸಕ್ಕೆ ಯೀಸ್ಟ್ ಹಾಕಿದ್ದಾರೆಂದು ಮ್ಯಾನೇಜರ್ ತೀರ್ಮಾನಿಸಿದರು. ಯೀಸ್ಟಿಗೆ ಬಿಸಿನೀರ ಸ್ನಾನ ಮಾಡಿಸಿದವರೆಂದು ಜನ ಬಿಸಿನೀರಣ್ಣ ಎಂದು ಕರೆದರು. ಮುಳ್ಳು ಹನ್ನೆರಡರ ಮೇಲೇ ಇತ್ತೆಂದು ಅಣ್ಣ ಮೂರು ದಿನ ವಾದಿಸಿದರು. ನಾಲ್ಕನೇ ದಿನ, "ಇರಬಹುದು ಸಾರ್, ನಾನೇ ತಪ್ಪು ನೋಡಿದ್ನೇನೋ," ಎಂದರು. ಆಗ ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಅವತ್ತಿನಿಂದ ಅವರು ಥರ್ಮಾಮೀಟರ್ ಮೂರು ಸಲ ನೋಡುತ್ತಿದ್ದರು. ಆಮೇಲೂ ದಾರಿಹೋಕರನ್ನು ನಿಲ್ಲಿಸಿ, "ನೀನೂ ಒಂದ್ಸಲ ನೋಡಪ್ಪ," ಎನ್ನುತ್ತಿದ್ದರು. ಎಲ್ಲರಿಗೂ ಅದೊಂದು ತಮಾಷೆ. ಸೂಪರ್‌ವೈಸರ್ ಕೆಲಸ ಮನೆಬಾಗಿಲಿಗೆ ಬಂದಾಗ ಬೇಡವೆಂದರು. ಬೇರೆಯವರ ಕೆಲಸಕ್ಕೆ ಸಹಿ ಹಾಕುವಷ್ಟು ಧೈರ್ಯ ತನಗಿಲ್ಲ ಎಂದರಂತೆ. ಅವರಿಗೆ ಸತ್ಯ ಗೊತ್ತಿದೆ, ದೊಡ್ಡ ಮನಸ್ಸು ಮಾಡಿ ನನ್ನನ್ನು ಉಳಿಸಲೆಂದೇ ವಾದ ಬಿಟ್ಟರು ಎಂದುಕೊಂಡೇ ನಾನು ನಿದ್ದೆ ಮಾಡುತ್ತಿದ್ದೆ.

"ಅಣ್ಣ, ತಪ್ಪು ನಂದು. ಕ್ಷಮಿಸಿ," ಎಂದೆ.

ಅಣ್ಣ ತಲೆ ಎತ್ತಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆಯಾಗದವರಂತೆ ನನ್ನನ್ನೇ ನೋಡಿದರು.

"ಹಾಗಾದ್ರೆ ನಾನು ಸರಿಯಾಗೇ ನೋಡಿದ್ನಾ?"

ಅವರಿಗೆ ಏನೂ ಗೊತ್ತಿರಲಿಲ್ಲ. ಕ್ಷಮಿಸಿದ್ದಾರೆಂದು ನಾನು ನೆಮ್ಮದಿಯಾಗಿದ್ದ ಅಷ್ಟೂ ವರ್ಷ ಅವರು ತಮ್ಮ ಕಣ್ಣನ್ನೇ ನಂಬದೆ ಬದುಕಿದ್ದರು.

"ಸರಿಯಾಗೇ ನೋಡಿದ್ರಿ ಅಣ್ಣ."

ಅವರು ಅತ್ತಿಗೆಯ ಕಡೆ ತಿರುಗಿದರು. "ಕೇಳಿಸ್ತಾ? ಸರಿಯಾಗೇ ನೋಡಿದ್ನಂತೆ ಕಣೇ."

ಅತ್ತಿಗೆ ನನ್ನ ಮುಖ ನೋಡಲಿಲ್ಲ. "ಮನೆಗೆ ಬೀಗ ಹಾಕಿ ಅರ್ಧ ದಾರಿಯಿಂದ ವಾಪಸ್ ಬಂದು ಎಳೆದು ನೋಡ್ತಾರೆ," ಎಂದರು. "ಮಗಳ ಜ್ವರ ನೋಡೋಕೂ ಪಕ್ಕದ ಮನೆಯವರನ್ನ ಕರೀತಿದ್ರು. ನಾನೂ ಎಲ್ಲರ ಥರ ನಗ್ತಿದ್ನಲ್ಲ."

ಅಣ್ಣ ಅತ್ತಿಗೆಯ ಕೈ ಹಿಡಿದುಕೊಂಡರು. ನನಗೆ ಕೂತುಕೊಳ್ಳಲು ಯಾರೂ ಹೇಳಲಿಲ್ಲ. ನಾನು ನಿಂತೇ ಇದ್ದೆ.