ಗೋಡೆಯಾಚೆಯ ಗಂಟೆ

ನಮ್ಮತ್ತೆ ಜೀವಮಾನವೆಲ್ಲ ಶಾಲೆಯಲ್ಲಿ ರೇಖಾಗಣಿತ ಕಲಿಸಿದವರು. ಲಕ್ವ ಹೊಡೆದ ಮೇಲೆ ಬಾಯಿ ಸೊಟ್ಟಗಾಯಿತು, ದನಿ ಇಳಿಯಿತು. ಕನ್ನಡಿ ಕಂಡರೆ ಮುಖ ತಿರುಗಿಸಿಬಿಡುತ್ತಿದ್ದರು. "ತಲೆನೂ ಹೋಯ್ತು ಕಣೇ" ಎಂಬುದೊಂದೇ ಜಪ. ಮೊನ್ನೆ ನನ್ನನ್ನು ಕರೆದೂ ಕರೆದೂ ಸಾಕಾಗಿ ತಾವೇ ಎದ್ದು ಬಿದ್ದರು. ಮಿಕ್ಸಿಯ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ನನ್ನ ಗಂಡ ಅಡುಗೆಮನೆ ಬಾಗಿಲ ಹತ್ತಿರ ಒಂದು ಗಂಟೆ ತೂಗುಹಾಕಿದರು. ಮಂಚದಿಂದ ಹಗ್ಗ ಎಳೆದರೆ ಅದು ಸದ್ದು ಮಾಡಬೇಕು. ನೇರವಾಗಿ ಕಟ್ಟಿದರೆ ಓಡಾಡುವವರ ಕುತ್ತಿಗೆಗೆ ಉರುಳು. ಹಾಗಾಗಿ ಪಕ್ಕದ ಗೋಡೆಗೊಂದು ಕಬ್ಬಿಣದ ಬಳೆ ಬಡಿದು, ಹಗ್ಗವನ್ನು ಅದರೊಳಗಿಂದ ತಿರುಗಿಸುವುದೆಂದಾಯಿತು. ಮಂಚ ಗೋಡೆಗೆ ಹತ್ತಿರ, ಗಂಟೆ ದೂರ. ಇವರು ಗೋಡೆಯ ನಟ್ಟನಡುವೆ ಹಗ್ಗವನ್ನು ಹೆಬ್ಬೆರಳಿಂದ ಒತ್ತಿ ಹಿಡಿದರು. ಪರದೆ ಹೊಲಿದಾಗ ನಾನು ಉಳಿಸಿದ್ದ ಹಗ್ಗ, ಒಂದು ಗೇಣು ಸಾಲದೇ ಹೋಯಿತು.

"ನಾಳೆ ಹೊಸದು ತಂದ್ರಾಯ್ತು ಬಿಡಮ್ಮ," ಎಂದರು ಇವರು.

"ಸಾಲತ್ತೆ," ಎಂದರು ಅತ್ತೆ. "ಜಾಗ... ತಪ್ಪು."

"ಜಾಗ ಬದಲಾಯಿಸಿದ್ರೆ ಹಗ್ಗ ಬೆಳೆಯುತ್ತಾ?"

ಅತ್ತೆಯ ಕಣ್ಣು ತುಂಬಿತು. ಮಗನೂ ತಲೆ ಕೆಟ್ಟಿದೆ ಎಂದುಕೊಂಡನಲ್ಲ ಎಂಬ ನೋವು ಅದು. ನನಗೆ ತಡೆಯಲಾಗಲಿಲ್ಲ. "ಏನ್ ಮಾಡ್ಬೇಕು ಹೇಳಿ, ಅತ್ತೆ."

"ಕನ್ನಡಿ ತಾ."

ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ನಾನು ಕನ್ನಡಿ ತಂದೆ. ಅತ್ತೆ ಹಗ್ಗದ ತುದಿ ಕಟ್ಟಿದ್ದ ಮಂಚದ ಕಂಬಕ್ಕೆ ತಲೆಯಾನಿಸಿ ಕೂತು, "ಗೋಡೆಗೆ ಒತ್ತಿ ಹಿಡಿ. ನನ್ನೆದುರಿಂದ ಶುರು ಮಾಡು," ಎಂದರು.

ಒತ್ತಿ ಹಿಡಿದೆ. ನೇರ ಎದುರಿಗಿದ್ದ ಕನ್ನಡಿಯಲ್ಲಿ ಅವರದೇ ಮುಖ. ಈ ಸಲ ಮುಖ ತಿರುಗಿಸಲಿಲ್ಲ, ನೋಡುತ್ತಲೇ ಇದ್ದರು. ತೆಗೆದುಬಿಡಲೇ ಎಂದುಕೊಂಡೆ.

"ಇದು ನಾನು," ಎಂದರು ಕೊನೆಗೆ. "ನಂಗೆ ಗಂಟೆ ಬೇಕು. ಮುಂದೆ ತಳ್ಳು."

ಗಂಟೆಯ ಕಡೆಗೆ ಗೋಡೆಗುಂಟ ಮೆಲ್ಲಗೆ ಸರಿಸುತ್ತ ಹೋದೆ. ಕುರ್ಚಿ ಕಂಡಿತಂತೆ, ಆಮೇಲೆ ಮಗನ ಮೊಣಕೈ. "ನಿಲ್ಲು! ಕನ್ನಡಿ ನಡುವೆ ಗಂಟೆ ಕಂಡ್ತು. ಅಲ್ಲೇ ಗುರುತು ಹಾಕು."

ಗುರುತು ಬಿದ್ದದ್ದು ಗೋಡೆಯ ನಡುವಲ್ಲ, ಮಂಚದ ಕಡೆಗೆ. ಅಲ್ಲಿಗೆ ಒತ್ತಿ ಎಳೆದರೆ ಹಗ್ಗ ಗಂಟೆಗೆ ಮುಟ್ಟಿತು, ಗಂಟು ಹಾಕಲೂ ಉಳಿಯಿತು! ನನಗೆ ನಂಬಿಕೆ ಬರಲಿಲ್ಲ. ಆಚೆ ಸರಿಸಿದೆ, ಉಳಿಕೆ ಕಮ್ಮಿ. ಈಚೆ ಸರಿಸಿದೆ, ಮತ್ತೂ ಕಮ್ಮಿ.

"ಇದು ಹೇಗತ್ತೆ?"

ಅತ್ತೆ ಟೀಚರ್ ಆಗಿಬಿಟ್ಟರು. "ಗೋಡೆಯಾಚೆ, ಈ ಗಂಟೆಯಷ್ಟೇ ದೂರದಲ್ಲಿ... ಇನ್ನೊಂದು ಗಂಟೆ ಇದೆ ಅಂದ್ಕೋ. ನನ್ನಿಂದ ಅದಕ್ಕೆ ಹತ್ತಿರದ ದಾರಿ ಯಾವ್ದು?"

"ನೇರ ಗೆರೆ."

"ಅದು ಗೋಡೆ ದಾಟೋ ಕಡೆ ಬಳೆ. ಆಚೆ ತುಂಡನ್ನ ಈಚೆಗೆ ಮಡಚು. ಉದ್ದ ಬದಲಾಗತ್ತಾ?"

"ಇಲ್ಲ."

"ಬೇರೆ ಎಲ್ಲಿ ಮುಟ್ಟಿದ್ರೂ ಆ ಗೆರೆ ಸೊಟ್ಟ. ಸೊಟ್ಟ ಅಂದ್ರೆ ಉದ್ದ. ಬೆಳಕೂ ಹತ್ತಿರದ ದಾರೀಲೇ ಬರತ್ತೆ ಕಣೇ, ಅದಕ್ಕೇ ಕನ್ನಡೀಲಿ ಗಂಟೆ ಅಲ್ಲೇ ಕಂಡಿದ್ದು."

ಇವರು ತೆಪ್ಪಗೆ ಬಳೆ ಬಡಿದರು.

ಸಂಜೆ ಅಡುಗೆಮನೆಯಲ್ಲಿದ್ದಾಗ ಗಂಟೆ ಸದ್ದಾಯಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅತ್ತೆ ಆರಾಮಾಗಿ ಕೂತಿದ್ದರು.

"ಏನಾಯ್ತು?"

"ಇನ್ನೊಂದು ಮೊಳೆ ಹೊಡಿ. ಕನ್ನಡಿಗೆ," ಎಂದರು. "ಮೊದಲು ಹಿಡಿದಿದ್ಯಲ್ಲ, ನನ್ನೆದುರಿಗೆ. ಅಲ್ಲಿ."